ಡಂಬೆಲ್ ನಡುಗಿದಾಗ ದುಡಿಯುವುದು ಯಾವ ಸ್ನಾಯು?

ನನ್ನ ಸೋದರಳಿಯ ಬೆಂಚಿನ ಮೇಲೆ ಮಲಗಿ 60 ಕಿಲೋ ಬಾರ್ಬೆಲ್ ಅನ್ನು ಒಂದು ಸಲ ಎತ್ತಬಲ್ಲ. ಕಳೆದ ತಿಂಗಳು ಅವನು 30 ಕಿಲೋದ ಎರಡು ಡಂಬೆಲ್‌ಗಳನ್ನು ಕೈಗೆತ್ತಿಕೊಂಡ. ಲೆಕ್ಕವೇನೋ ಸರಿಯಾಗಿಯೇ ಇತ್ತು. ಎರಡು ಮೂವತ್ತು ಸೇರಿದರೆ ಅರವತ್ತು. ಆದರೆ ಎದೆಯವರೆಗೆ ಇಳಿಸಿ ಮೇಲಕ್ಕೆ ತಳ್ಳಲು ಹೊರಟಾಗ ಎಡಗೈಯ ಡಂಬೆಲ್ ಹೊರಗಡೆಗೆ ವಾಲತೊಡಗಿತು, ಮುಂಗೈ ಅದರ ಹಿಂದೆಯೇ ಹೋಯಿತು, ಕೊನೆಗೆ ಅದು ರಬ್ಬರ್ ನೆಲದ ಮೇಲೆ ಧಡ್ ಎಂದು ಬಿತ್ತು. ಪುಣ್ಯಕ್ಕೆ ಯಾರ ಕಾಲಿನ ಮೇಲೂ ಬೀಳಲಿಲ್ಲ.

ಅಲ್ಲಿದ್ದ ಒಬ್ಬ ತರಬೇತುದಾರರು, "ಇಷ್ಟು ದಿನ ಮೆಷೀನ್ ಮಾಡಿ ಮಾಡಿ ನಿಮ್ಮ ಸ್ಟೆಬಿಲೈಸರ್ ಸ್ನಾಯುಗಳು ಸತ್ತೇ ಹೋಗಿವೆ" ಎಂದರಂತೆ. ಅದೇ ಜಿಮ್ಮಿನ ಇನ್ನೊಬ್ಬರು ಮರುದಿನ, "ಡಂಬೆಲ್ ಬಿಡಿ, ಬ್ಯಾಲೆನ್ಸ್ ಮಾಡುವುದರಲ್ಲೇ ಶಕ್ತಿಯೆಲ್ಲ ಸೋರಿಹೋಗುತ್ತದೆ, ಎದೆ ಬೆಳೆಯಬೇಕಾದರೆ ಮೆಷೀನಿಗೆ ಬನ್ನಿ" ಎಂದರು. "ಮಾಮ, ಇಬ್ಬರಲ್ಲಿ ಯಾರ ಮಾತು ಕೇಳಲಿ?" ಎಂದು ಅವನು ಫೋನ್ ಮಾಡಿದ. ಮೊಬೈಲಿನಲ್ಲಿ ಹರಿದಾಡುವ ವ್ಯಾಯಾಮದ ವಿಡಿಯೊಗಳಲ್ಲಿಯೂ ಈಗ ಇದೇ ಎರಡು ಪಕ್ಷ. ಎರಡೂ ಕಡೆಯವರು "ಸ್ಟೆಬಿಲೈಸರ್" ಎಂಬ ಒಂದೇ ಪದವನ್ನು ಬಳಸುತ್ತಾರೆ. ನನ್ನ ಪ್ರಕಾರ ಎಡವಟ್ಟು ಶುರುವಾಗುವುದೇ ಅಲ್ಲಿ. ಆ ಒಂದು ಪದದೊಳಗೆ ಎರಡು ಬೇರೆ ಬೇರೆ ಕೆಲಸಗಳು ಅಡಗಿವೆ. ಒಂದು, ಭಾರವನ್ನು ಅದರ ದಾರಿಯಲ್ಲಿ ಇಡುವುದು. ಇನ್ನೊಂದು, ಕೀಲಿನ ಗುಂಡನ್ನು ಅದರ ಗೂಡಿನಲ್ಲಿ ಇಡುವುದು. ಮೆಷೀನ್ ಮೊದಲನೆಯದನ್ನು ನಮ್ಮಿಂದ ಕಸಿದುಕೊಳ್ಳುತ್ತದೆ. ಎರಡನೆಯದನ್ನು ಯಾವ ಮೆಷೀನಿನಿಂದಲೂ ಕಸಿಯಲು ಸಾಧ್ಯವಿಲ್ಲ.

ಮೊದಲು ಆ ಡಂಬೆಲ್ ಬಿದ್ದದ್ದೇಕೆ ಎಂದು ನೋಡೋಣ.

ಬೆಂಚಿನ ಮೇಲೆ ಮಲಗಿ ಡಂಬೆಲ್ ಇಳಿಸಿದಾಗ ತೋಳು ನೆಲಕ್ಕೆ ಸಮಾಂತರವಾಗಿ ಬರುತ್ತದೆ, ಮುಂಗೈ ನೇರವಾಗಿ ಮೇಲಕ್ಕೆ ನಿಂತಿರುತ್ತದೆ. ಡಂಬೆಲ್ ಮೊಣಕೈಯ ನೇರ ಮೇಲಿರುವವರೆಗೆ ಮೊಣಕೈಗೆ ವಿಶೇಷ ಕೆಲಸವಿಲ್ಲ. ಭಾರವೆಲ್ಲ ಮೂಳೆಯ ಮೂಲಕ ಇಳಿದು ಭುಜಕ್ಕೆ ಹೋಗುತ್ತದೆ. ಈಗ ಅದು 5 ಸೆಂಟಿಮೀಟರ್ ಹೊರಗೆ ಸರಿಯಿತು ಎನ್ನಿ. ಸನ್ನೆಗೋಲಿನ ಲೆಕ್ಕ ಸರಳ: ಭಾರವನ್ನು ದೂರದಿಂದ ಗುಣಿಸಬೇಕು. 30 ಕಿಲೋ, 5 ಸೆಂಟಿಮೀಟರ್, ಅಂದರೆ 150. ಮುಂಗೈ ಹೊರಕ್ಕೆ ಬಿಚ್ಚಿಕೊಳ್ಳದಂತೆ ಹಿಡಿದಿಡಬೇಕಾದದ್ದು ಮೊಣಕೈಯನ್ನು ಮಡಿಸುವ ಸ್ನಾಯು, ಅಂದರೆ ಬೈಸೆಪ್ಸ್ ಮತ್ತು ಅದರ ಜೊತೆಗಾರರು. ನಿಂತುಕೊಂಡು ಮುಂಗೈಯನ್ನು ಅಡ್ಡವಾಗಿ ಚಾಚಿ ಡಂಬೆಲ್ ಹಿಡಿದರೆ ಅದು ಮೊಣಕೈಯಿಂದ ಸುಮಾರು 33 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅಲ್ಲಿ 150ರ ಲೆಕ್ಕ ಬರಲು ನಾಲ್ಕೂವರೆ ಕಿಲೋ ಸಾಕು. ಬೆಂಚಿನ ಮೇಲೆ ಬರೀ ಐದು ಸೆಂಟಿಮೀಟರ್ ವಾಲಿದರೆ, ಬೈಸೆಪ್ಸ್ ಪಾಲಿಗೆ ನಾಲ್ಕೂವರೆ ಕಿಲೋದ ಡಂಬೆಲ್ ಹಿಡಿದು ನಿಂತ ಹಾಗೆ.

ಬೈಸೆಪ್ಸ್‌ಗೆ ಇದು ದೊಡ್ಡ ವಿಷಯವಲ್ಲ, ಅದು ಗಟ್ಟಿ ಆಳು. ಆದರೆ ಡಂಬೆಲ್ ಹೊರಗೆ ಮಾತ್ರ ವಾಲುವುದಿಲ್ಲ, ತಲೆಯ ಕಡೆಗೋ ಕಾಲಿನ ಕಡೆಗೋ ವಾಲಬಹುದು. ಕಾಲಿನ ಕಡೆಗೆ ಅಷ್ಟೇ 5 ಸೆಂಟಿಮೀಟರ್ ವಾಲಿದರೆ ಅದೇ 150 ಈಗ ತೋಳನ್ನು ಭುಜದಲ್ಲಿ ಒಳಕ್ಕೆ ತಿರುಚುತ್ತದೆ. ಅದನ್ನು ತಡೆಯಬೇಕಾದವರು ಬೆನ್ನಿನ ಕಡೆಯ ಹೆಗಲೆಲುಬಿನ ಮೇಲೆ ಅಂಟಿಕೊಂಡಿರುವ ಇನ್‌ಫ್ರಾಸ್ಪೈನೇಟಸ್, ಟೆರಿಸ್ ಮೈನರ್ ಎಂಬ ಸಣ್ಣ ಸ್ನಾಯುಗಳು. ಮಗ್ಗುಲಾಗಿ ಮಲಗಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಪುಟ್ಟ ಡಂಬೆಲ್ ಹಿಡಿದ ಮುಂಗೈಯನ್ನು ಮೇಲಕ್ಕೆ ತಿರುಗಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಬಳಿ ಹೋದವರು ಮಾಡಿರುತ್ತಾರೆ. ಅದನ್ನು ನಾಲ್ಕೂವರೆ ಕಿಲೋದಲ್ಲಿ ಮಾಡಿ ನೋಡಿ. ಎದೆಯ ಸ್ನಾಯು ನೂರಾರು ಎಣಿಸುವಾಗ ಇವು ಹತ್ತರ ಲೆಕ್ಕದಲ್ಲಿ ಬದುಕುವ ಜೀವಗಳು. ಭಾರ ತಲೆಯ ಕಡೆಗೆ ವಾಲಿದರೆ ಮಾತ್ರ ಸ್ವಲ್ಪ ಸಮಾಧಾನ. ಆಗ ತಡೆಯುವ ಪಾಳಿ ಹೆಗಲೆಲುಬಿನ ಒಳಮೈಗೆ ಅಂಟಿಕೊಂಡಿರುವ ಸಬ್‌ಸ್ಕ್ಯಾಪ್ಯುಲಾರಿಸ್ ಎಂಬ ಸ್ನಾಯುವಿನದು, ಎದೆಯ ದೊಡ್ಡ ಸ್ನಾಯುವೂ ಅದಕ್ಕೆ ಕೈ ಜೋಡಿಸುತ್ತದೆ.

ಅಳಿಯನ ಎದೆಗೆ ಆ ಭಾರ ಮೀರಿದ್ದಾಗಿರಲಿಲ್ಲ ಎಂದು ಹೇಳುವುದೂ ಪೂರ್ತಿ ಸರಿಯಲ್ಲ. ಡಂಬೆಲ್ ಹೊರಗೆ ವಾಲಿದರೆ ಭುಜದಿಂದಲೂ ಅದರ ದೂರ ಹೆಚ್ಚುತ್ತದೆ. ತೋಳಿನ ಉದ್ದ 30 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಮುಂಗೈ ನೇರವಿದ್ದಾಗ ಭುಜದ ಮೇಲಿನ ಲೆಕ್ಕ 900. ಐದು ಸೆಂಟಿಮೀಟರ್ ಹೊರಗೆ ಹೋದರೆ 1050. ಹೀಗೆ ವಾಲಿಕೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಸ್ವಲ್ಪ ವಾಲಿದರೆ ಭಾರ ಹೆಚ್ಚುತ್ತದೆ, ಹೆಚ್ಚಿದ್ದಕ್ಕೆ ಇನ್ನಷ್ಟು ವಾಲುತ್ತದೆ, ಅರ್ಧ ಸೆಕೆಂಡಿನಲ್ಲಿ ಡಂಬೆಲ್ ನೆಲದ ಮೇಲಿರುತ್ತದೆ.

ಮೆಷೀನ್ ಇಲ್ಲಿ ಏನು ಮಾಡುತ್ತದೆ? ಚೆಸ್ಟ್ ಪ್ರೆಸ್ ಮೆಷೀನಿನ ಹಿಡಿ ಒಂದು ಕಬ್ಬಿಣದ ತೋಳಿಗೆ ಬೆಸೆದಿರುತ್ತದೆ, ಆ ತೋಳು ಒಂದೇ ಅಚ್ಚಿನ ಸುತ್ತ ತಿರುಗುತ್ತದೆ. ನೀವು ತಳ್ಳುವ ಬಲದಲ್ಲಿ ಸ್ವಲ್ಪ ಭಾಗ ಪಕ್ಕಕ್ಕೋ ಮೇಲಕ್ಕೋ ಹೋದರೆ ಅದನ್ನು ಬೇರಿಂಗ್ ನುಂಗಿಕೊಳ್ಳುತ್ತದೆ. ಸ್ಮಿತ್ ಮೆಷೀನಿನಲ್ಲಿ ಎರಡು ಕಂಬಗಳ ನಡುವೆ ಸಿಕ್ಕಿಕೊಂಡ ಬಾರ್ ಮೇಲೆ ಕೆಳಗೆ ಮಾತ್ರ ಓಡಾಡುತ್ತದೆ. ಬಾರ್ಬೆಲ್ ಇವುಗಳ ಮತ್ತು ಡಂಬೆಲ್‌ನ ನಡುವೆ ಬರುತ್ತದೆ: ಅದು ಮುಂದೆ ಹಿಂದೆ ಹೋಗಬಹುದು, ಓರೆಯಾಗಬಹುದು, ಆದರೆ ಎರಡು ಕೈಗಳು ಒಂದಕ್ಕೊಂದು ದೂರವಾಗುವುದಂತೂ ಸಾಧ್ಯವಿಲ್ಲ.

ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಿ ನೋಡಿದ ಅಧ್ಯಯನವೊಂದು 2011ರಲ್ಲಿ ನಾರ್ವೆಯಿಂದ ಬಂತು. ವ್ಯಾಯಾಮದಲ್ಲಿ ಪಳಗಿದ ಹನ್ನೆರಡು ಗಂಡಸರು ಸ್ಮಿತ್ ಮೆಷೀನ್, ಬಾರ್ಬೆಲ್, ಡಂಬೆಲ್ ಮೂರರಲ್ಲೂ ಒಂದು ಸಲಕ್ಕೆ ಎತ್ತಬಲ್ಲ ಗರಿಷ್ಠ ಭಾರವನ್ನು ಎತ್ತಿದರು. ಸ್ನಾಯುಗಳ ಮೇಲೆ ಚರ್ಮಕ್ಕೆ ಅಂಟಿಸಿದ ಎಲೆಕ್ಟ್ರೋಡ್‌ಗಳು ವಿದ್ಯುತ್ ಸಂಕೇತವನ್ನು ಅಳೆದವು. ಇದನ್ನೇ ಇಎಂಜಿ ಎನ್ನುತ್ತಾರೆ. ಡಂಬೆಲ್‌ನಲ್ಲಿ ಎತ್ತಿದ ಒಟ್ಟು ಭಾರ ಬಾರ್ಬೆಲ್‌ಗಿಂತ 17 ಶೇಕಡಾ ಕಡಿಮೆಯಿತ್ತು. ಸ್ಮಿತ್ ಮೆಷೀನ್‌ನದು ಬಾರ್ಬೆಲ್‌ಗಿಂತ ಸುಮಾರು 3 ಶೇಕಡಾ ಕಡಿಮೆ. ನಮ್ಮ ಅಳಿಯನ 60 ಕಿಲೋಗೆ ಇದನ್ನು ಅನ್ವಯಿಸಿದರೆ ಡಂಬೆಲ್‌ನಲ್ಲಿ ಅವನ ಪಾಲು ಒಟ್ಟು 50, ಅಂದರೆ ಕೈಗೆ 25. ಮೂವತ್ತು ಬಿದ್ದದ್ದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ, ಯಾವ ಸ್ನಾಯುವೂ ಸತ್ತಿರಲಿಲ್ಲ.

ಕುತೂಹಲ ಇರುವುದು ಸ್ನಾಯುಗಳ ಲೆಕ್ಕದಲ್ಲಿ. ಎದೆಯ ದೊಡ್ಡ ಸ್ನಾಯು ಮತ್ತು ಭುಜದ ಮುಂಭಾಗದ ಡೆಲ್ಟಾಯ್ಡ್ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ದುಡಿದಿದ್ದವು. ಬೈಸೆಪ್ಸ್ ಮಾತ್ರ ಮೆಟ್ಟಿಲು ಹತ್ತಿದ ಹಾಗೆ ಏರಿತ್ತು: ಸ್ಮಿತ್‌ನಲ್ಲಿ ಕಡಿಮೆ, ಬಾರ್ಬೆಲ್‌ನಲ್ಲಿ ಹೆಚ್ಚು, ಡಂಬೆಲ್‌ನಲ್ಲಿ ಇನ್ನೂ ಹೆಚ್ಚು. ನಾವು ಮೇಲೆ ಮಾಡಿದ 150ರ ಲೆಕ್ಕ ಎಲೆಕ್ಟ್ರೋಡ್‌ಗೂ ಕಂಡಿತ್ತು ಎನ್ನಬಹುದು. ಇದಕ್ಕೆ ಜೊತೆಯಾಗಿ ಇನ್ನೊಂದು ಸಾಕ್ಷಿಯಿದೆ. ಬಾರ್ಬೆಲ್ ಮತ್ತು ಸ್ಮಿತ್ ಮೆಷೀನ್ ಎರಡನ್ನು ಹೋಲಿಸಿದ 2010ರ ಅಧ್ಯಯನದಲ್ಲಿ ಭುಜದ ಪಕ್ಕದ ಡೆಲ್ಟಾಯ್ಡ್ ಬಾರ್ಬೆಲ್‌ನಲ್ಲಿ ಹೆಚ್ಚು ಚುರುಕಾಗಿತ್ತು, ಎದೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಪಕ್ಕದ ಡೆಲ್ಟಾಯ್ಡ್‌ಗೆ ಎದೆಯಿಂದ ತಳ್ಳುವ ಕೆಲಸದಲ್ಲಿ ನೇರ ಪಾತ್ರ ಕಡಿಮೆ. ಅದು ಬಂದು ನಿಂತದ್ದು ತೋಳು ದಾರಿ ತಪ್ಪದಂತೆ ನೋಡಿಕೊಳ್ಳಲು.

ಹಾಗಾದರೆ ಎದೆ ಅಷ್ಟೇ ದುಡಿದಿದ್ದರೂ ಡಂಬೆಲ್‌ನಲ್ಲಿ ಭಾರ ಇಳಿದದ್ದೇಕೆ? "ಬ್ಯಾಲೆನ್ಸ್‌ಗೆ ಶಕ್ತಿ ಸೋರಿಹೋಯಿತು" ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ. ನನಗೆ ಅದು ಅರ್ಧ ಉತ್ತರವಾಗಿ ಕಾಣುತ್ತದೆ. ಅದೇ ಅಧ್ಯಯನದಲ್ಲಿ ಡಂಬೆಲ್ ಎತ್ತುವಾಗ ಟ್ರೈಸೆಪ್ಸ್ ಚಟುವಟಿಕೆ ಕಡಿಮೆಯಾಗಿತ್ತು. ಕಾರಣ ಹಿಡಿತದಲ್ಲಿದೆ. ಬಾರ್ಬೆಲ್ ಹಿಡಿದವರು ಅದನ್ನು ಮೇಲಕ್ಕೆ ತಳ್ಳುವುದರ ಜೊತೆಗೆ ತಮಗೇ ಗೊತ್ತಿಲ್ಲದೆ ಎರಡು ಕೈಗಳಿಂದ ಹೊರಗಡೆಗೂ ಒತ್ತುತ್ತಾರೆ, ಬಾರನ್ನು ಹಿಗ್ಗಿಸಿ ಎರಡು ತುಂಡು ಮಾಡುವ ಹಾಗೆ. ಕಬ್ಬಿಣ ಹಿಗ್ಗುವುದಿಲ್ಲ, ಅದು ಅಷ್ಟೇ ಬಲದಿಂದ ಕೈಗಳನ್ನು ಒಳಕ್ಕೆ ಒತ್ತುತ್ತದೆ. ಆ ಒತ್ತಡವನ್ನು ಎದುರಿಸಿ ಮೊಣಕೈಯನ್ನು ಬಿಚ್ಚುವ ಟ್ರೈಸೆಪ್ಸ್‌ಗೆ ಹೀಗೆ ಭಾರದಲ್ಲಿ ಪಾಲು ಸಿಗುತ್ತದೆ, ಭುಜದ ಹೊರೆ ಅಷ್ಟು ತಗ್ಗುತ್ತದೆ. ಡಂಬೆಲ್‌ನಲ್ಲಿ ಹೊರಕ್ಕೆ ಒತ್ತಿದರೆ ಡಂಬೆಲ್ ಹೊರಕ್ಕೇ ಹೋಗುತ್ತದೆ. ಮುಂಗೈಯನ್ನು ನೆಟ್ಟಗೆ ನಿಲ್ಲಿಸಲೇಬೇಕು, ಟ್ರೈಸೆಪ್ಸ್ ಸುಮ್ಮನೆ ಪಕ್ಕದಲ್ಲಿ ನಿಲ್ಲಬೇಕು. ಕಳೆದುಹೋದ ಹತ್ತು ಕಿಲೋದಲ್ಲಿ ದೊಡ್ಡ ಪಾಲು ಈ ಸಹಾಯಕನದು ಎಂಬುದು ನನ್ನ ಎಣಿಕೆ.

ನಿಜವಾಗಿಯೂ ಶಕ್ತಿ ಸೋರಿಹೋಗುವ ಸ್ಥಿತಿ ಬೇರೆ ಇದೆ. ದೊಡ್ಡ ಗಾಳಿ ಚೆಂಡಿನ ಮೇಲೆ ಬೆನ್ನು ಇಟ್ಟು ತಳ್ಳುವುದನ್ನು ನೋಡಿರುತ್ತೀರಿ. 2004ರ ಒಂದು ಪ್ರಯೋಗದಲ್ಲಿ ಹಾಗೆ ಮಲಗಿದವರು ತಳ್ಳಬಲ್ಲ ಬಲ ಬೆಂಚಿನ ಮೇಲಿದ್ದಾಗಿನದಕ್ಕಿಂತ ಸುಮಾರು 60 ಶೇಕಡಾ ಕುಸಿದಿತ್ತು, ಆದರೆ ಸ್ನಾಯುಗಳ ಇಎಂಜಿ ಗಮನಾರ್ಹವಾಗಿ ಇಳಿದಿರಲಿಲ್ಲ. ಸ್ನಾಯು ಅಷ್ಟೇ ದುಡಿಯಿತು, ಕೂಲಿ ಮಾತ್ರ ಕೀಲನ್ನು ಬಿಗಿಹಿಡಿಯುವುದಕ್ಕೆ ಹೋಯಿತು. ಮೆಷೀನ್ ಪಕ್ಷದವರ ವಾದ ಈ ಚೆಂಡಿಗೆ ಹೊಂದುತ್ತದೆ. ಗಟ್ಟಿ ಬೆಂಚಿನ ಮೇಲಿನ ಡಂಬೆಲ್‌ಗೆ ಅದನ್ನು ಹಾಗೆಯೇ ಎಳೆದು ತರಲಾಗದು.

ಇನ್ನು ಎರಡನೆಯ ಕೆಲಸ, ಗುಂಡನ್ನು ಗೂಡಿನಲ್ಲಿ ಇಡುವುದು. ಸೊಂಟದ ಕೀಲನ್ನು ಒರಳಿನಲ್ಲಿ ಕುಳಿತ ಗುಂಡುಕಲ್ಲಿಗೆ ಹೋಲಿಸಬಹುದು. ಗೂಡು ಆಳವಾಗಿದೆ, ಗುಂಡು ಅಲ್ಲಾಡಿದರೂ ಹೊರಗೆ ಬರುವುದಿಲ್ಲ. ಭುಜ ಹಾಗಲ್ಲ. ಅದು ಶಾಲೆಯ ಆಟೋಟದ ದಿನ ಬಾಯಲ್ಲಿ ಕಚ್ಚಿಕೊಂಡು ಓಡುವ ಚಮಚದ ಮೇಲಿನ ನಿಂಬೆಹಣ್ಣು. ಹೆಗಲೆಲುಬಿನ ಗೂಡು ತೀರಾ ಚಪ್ಪಟೆ, ಯಾವುದೇ ಕ್ಷಣದಲ್ಲಿ ತೋಳೆಲುಬಿನ ಗುಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅದರ ಮೇಲೆ ಕುಳಿತಿರುವುದಿಲ್ಲ. ಅದನ್ನು ಸುತ್ತಲಿಂದ ಗೂಡಿನೊಳಕ್ಕೆ ಒತ್ತಿ ಹಿಡಿಯುವುದು ನಾಲ್ಕು ಸ್ನಾಯುಗಳ ರೊಟೇಟರ್ ಕಫ್: ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಆಗಲೇ ಹೇಳಿದ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರಿಸ್ ಮೈನರ್, ಮುಂದೆ ಸಬ್‌ಸ್ಕ್ಯಾಪ್ಯುಲಾರಿಸ್.

ಈ ಗುಂಡನ್ನು ಗೂಡಿನಿಂದ ಜಾರಿಸಲು ನೋಡುವುದು ಕೈಯಲ್ಲಿರುವ ಡಂಬೆಲ್ ಮಾತ್ರ ಎಂದುಕೊಳ್ಳುವುದೇ ತಪ್ಪು. ಎದೆಯ ದೊಡ್ಡ ಸ್ನಾಯು ಎದೆಗೂಡಿನಿಂದ ಹೊರಟು ತೋಳೆಲುಬನ್ನು ಹಿಡಿದಿದೆ. ಅದು ಜೋರಾಗಿ ಎಳೆದಾಗ ತೋಳನ್ನು ಚಲಿಸುವುದಷ್ಟೇ ಅಲ್ಲ, ಗುಂಡನ್ನೂ ಮುಂದಕ್ಕೆ ಎಳೆಯುತ್ತದೆ. ಇದಕ್ಕೆ ಉತ್ತರವಾಗಿ ಹಿಂದಿನ ಕಫ್ ಎಳೆಯಬೇಕು. ಸಿಡ್ನಿಯ ಸಂಶೋಧಕರು ಸೂಜಿಯಂಥ ಎಲೆಕ್ಟ್ರೋಡ್‌ಗಳನ್ನು ಒಳಗಿಳಿಸಿ 2011ರಲ್ಲಿ ಇದನ್ನು ತೋರಿಸಿದರು: ಬೆಂಚ್ ಪ್ರೆಸ್‌ನಲ್ಲಿ ಕಫ್‌ನ ಹಿಂಬದಿಯ ಸ್ನಾಯುಗಳು ಮುಂಬದಿಯ ಸಬ್‌ಸ್ಕ್ಯಾಪ್ಯುಲಾರಿಸ್‌ಗಿಂತ ಹೆಚ್ಚು ಚುರುಕು, ಹಿಂದಕ್ಕೆ ಎಳೆಯುವ ರೋಯಿಂಗ್‌ನಲ್ಲಿ ಅದು ತಿರುವುಮುರುವು. ಕಫ್ ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಬಿಗಿಯುವುದಿಲ್ಲ. ದೊಡ್ಡ ಸ್ನಾಯು ಎತ್ತ ಎಳೆಯುತ್ತದೆಯೋ ಅದರ ಎದುರು ದಿಕ್ಕಿನವರು ಎದ್ದು ನಿಲ್ಲುತ್ತಾರೆ.

ಈಗ ಮೆಷೀನಿನಲ್ಲಿ ಕುಳಿತವರನ್ನು ನೋಡಿ. ಅವರ ಎದೆಯ ಸ್ನಾಯುವೂ ಅದೇ ಮೂಳೆಯನ್ನು ಅದೇ ದಿಕ್ಕಿಗೆ ಎಳೆಯುತ್ತಿದೆ. ಕಬ್ಬಿಣದ ತೋಳಿಗೆ ಹಿಡಿಯ ದಾರಿ ಗೊತ್ತೇ ಹೊರತು ಚರ್ಮದ ಒಳಗಿನ ಗುಂಡಿನ ಸಂಗತಿ ಗೊತ್ತಿಲ್ಲ. ಹಾಗಾಗಿ "ಮೆಷೀನಿನಲ್ಲಿ ರೊಟೇಟರ್ ಕಫ್ ಮಲಗಿರುತ್ತದೆ" ಎಂಬ ಮಾತು ನಿಲ್ಲುವುದಿಲ್ಲ. ಮುಂಗೈ ವಾಲಿದಾಗ ಬರುವ ತಿರುಚನ್ನು ತಡೆಯುವ ಹೆಚ್ಚುವರಿ ಕೆಲಸ ತಪ್ಪುತ್ತದೆ, ಗುಂಡನ್ನು ಹಿಡಿಯುವ ಮೂಲ ಕೆಲಸ ಉಳಿಯುತ್ತದೆ. ಭುಜದ ನೋವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಮೆಷೀನ್ ಒಗ್ಗುವುದು ಈ ಕಾರಣಕ್ಕೆ: ಎಷ್ಟು ಹೊರೆ ಬರುತ್ತದೆಂದು ಮೊದಲೇ ಅಂದಾಜಿಸಬಹುದು, ಹಠಾತ್ ತಿರುಚು ಬರುವುದಿಲ್ಲ.

ಆದರೆ ಅದಕ್ಕೊಂದು ಷರತ್ತು, ಆಸನದ ಎತ್ತರ ಸರಿಯಿರಬೇಕು. ಜಿಮ್ಮುಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದೇ. ಹಿಂದಿನವರು ಬಿಟ್ಟುಹೋದ ಎತ್ತರದಲ್ಲೇ ಕುಳಿತು ಶುರುಮಾಡಿಬಿಡುತ್ತಾರೆ. ಹಿಡಿಗಳು ಎದೆಯ ನಡುಮಟ್ಟಕ್ಕೆ ಬರಬೇಕು. ಆಸನ ತೀರಾ ತಗ್ಗಿದ್ದರೆ ಹಿಡಿ ಕುತ್ತಿಗೆಯ ಮಟ್ಟದಲ್ಲಿರುತ್ತದೆ, ಮೊಣಕೈ ಭುಜದಷ್ಟೇ ಎತ್ತರಕ್ಕೆ ಏರುತ್ತದೆ, ತೋಳು ಒಳಕ್ಕೆ ತಿರುಚಿಕೊಂಡ ಸ್ಥಿತಿಯಲ್ಲೇ ಭಾರ ಹೊರುತ್ತದೆ. ಡಂಬೆಲ್ ಆಗಿದ್ದರೆ ಕೈ ತನಗೆ ಹಿತವಾದ ಕಡೆಗೆ ಒಂದಿಷ್ಟು ಸರಿದುಕೊಳ್ಳುತ್ತಿತ್ತು. ಮೆಷೀನ್ ಸರಿಯಲು ಬಿಡುವುದಿಲ್ಲ. ಅದು ದಾರಿ ತಪ್ಪದಂತೆ ಕಾಯುತ್ತದೆ ನಿಜ, ತಪ್ಪು ದಾರಿಯನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ. ಭುಜ ಕಿವಿಯ ಕಡೆಗೆ ಏರುತ್ತಿದ್ದರೆ, ಮಣಿಕಟ್ಟು ಹಿಂದಕ್ಕೆ ಬಾಗುತ್ತಿದ್ದರೆ, ಎದೆ ದಣಿಯುವ ಬದಲು ಭುಜದ ಮುಂದೆ ಒಂದು ಬಿಂದುವಿನಲ್ಲಿ ಚುಚ್ಚಿದ ಹಾಗಾದರೆ ಭಾರ ಇಳಿಸುವ ಮೊದಲು ಆಸನವನ್ನು ಸರಿಮಾಡಿ ನೋಡಬೇಕು. ಎರಡು ಹಿಡಿಗಳೂ ಒಂದೇ ಕಬ್ಬಿಣಕ್ಕೆ ಸೇರಿದ ಮೆಷೀನಿನಲ್ಲಿ ಇನ್ನೊಂದು ಗುಟ್ಟು ಮುಚ್ಚಿಹೋಗುತ್ತದೆ: ಬಲಗೈ ಹೆಚ್ಚು ತಳ್ಳಿ ಎಡಗೈ ಸುಮ್ಮನೆ ಜೊತೆಗೆ ಹೋದರೂ ಹೊರಗೆ ಏನೂ ಕಾಣುವುದಿಲ್ಲ. ಅಳಿಯನ ಎಡಗೈ ಬಲಹೀನ ಎಂಬ ಸುದ್ದಿಯನ್ನು ಡಂಬೆಲ್ ಒಂದೇ ಸೆಕೆಂಡಿನಲ್ಲಿ ಹೇಳಿತು.

ಇಷ್ಟೆಲ್ಲ ಹೇಳಿದ ಮೇಲೆ ಇಎಂಜಿಯ ಬಗ್ಗೆ ಒಂದು ಮಾತು. ಒಂದು ಸ್ನಾಯುವಿನ ಸಂಕೇತ ಹೆಚ್ಚಾಯಿತು ಎಂದರೆ ಅದು ಬೆಳೆಯುತ್ತದೆ ಎಂದಲ್ಲ. ಡಂಬೆಲ್ ಪ್ರೆಸ್ ಮಾಡಿ ಬೈಸೆಪ್ಸ್ ಬೆಳೆಸಿಕೊಂಡವರು ಯಾರೂ ಇಲ್ಲ. ನಡುಕ ಕೂಡ ಶಾಶ್ವತವಲ್ಲ. ಹೊಸ ಚಲನೆಯನ್ನು ಕಲಿಯುವಾಗ ನರಮಂಡಲ ಕೀಲಿನ ಎರಡೂ ಬದಿಯ ಸ್ನಾಯುಗಳನ್ನು ಒಟ್ಟಿಗೇ ಬಿಗಿಯುತ್ತದೆ, ಸೈಕಲ್ ಕಲಿಯುವ ಮಗು ಹ್ಯಾಂಡಲನ್ನು ಬಿಗಿಹಿಡಿದ ಹಾಗೆ. ಕೆಲವು ವಾರಗಳ ಅಭ್ಯಾಸದಲ್ಲಿ ಆ ಬಿಗಿತ ಸಡಿಲುತ್ತದೆ. ಅಂದರೆ ಸ್ಥಿರಗೊಳಿಸುವ ಬೇಡಿಕೆ ಡಂಬೆಲ್‌ನಲ್ಲಿ ಅಚ್ಚೊತ್ತಿ ಬಂದ ಗುಣವಲ್ಲ, ಹಿಡಿದವರು ಪಳಗಿದಂತೆ ಕುಗ್ಗುವ ಗುಣ. ಬಹುಶಃ ಇದೇ ಕಾರಣದಿಂದ ದೀರ್ಘ ಅವಧಿಯ ಫಲಿತಾಂಶಗಳು ಇಎಂಜಿಯಷ್ಟು ಭಿನ್ನವಾಗಿ ಕಾಣುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸ್ನಾಯು ಬೆಳೆಯುವುದರಲ್ಲಿ ಡಂಬೆಲ್, ಬಾರ್ಬೆಲ್‌ನಂಥ ಬಿಡಿ ಭಾರಕ್ಕೂ ಮೆಷೀನಿಗೂ ನಡುವೆ ವ್ಯತ್ಯಾಸ ಕಾಣಲಿಲ್ಲ. ಬಿಡಿ ಭಾರದಲ್ಲಿ ಅಭ್ಯಾಸ ಮಾಡಿದವರು ಬಿಡಿ ಭಾರದ ಪರೀಕ್ಷೆಯಲ್ಲಿ ಮುಂದಿದ್ದರು. ಮೆಷೀನಿನವರು ತಮ್ಮ ಮೆಷೀನಿನಲ್ಲಿ ಮುಂದಿರುವ ಒಲವು ಕಂಡಿತು.

ಈ ಜಗಳದಲ್ಲಿ ಯಾರ ಕಣ್ಣಿಗೂ ಬೀಳದ ಒಂದು ವಸ್ತು ಬೆಂಚು. ಡಂಬೆಲ್ ಹಿಡಿದವರಿಗೂ ಬಾರ್ಬೆಲ್ ಹಿಡಿದವರಿಗೂ ಬೆನ್ನ ಕೆಳಗೆ ಅದು ಇದ್ದೇ ಇರುತ್ತದೆ, ಮೆಷೀನಿನ ಬೆನ್ನೊರಗು ಕೂಡ ಅದೇ ಕೆಲಸ ಮಾಡುತ್ತದೆ. ಹೆಗಲೆಲುಬು ಅದಕ್ಕೂ ಪಕ್ಕೆಲುಬಿಗೂ ನಡುವೆ ಸಿಕ್ಕಿ ಅಲ್ಲಾಡದೆ ಉಳಿಯುತ್ತದೆ. ಆ ಮೂಳೆಯನ್ನು ಪಕ್ಕೆಲುಬಿನ ಮೇಲೆ ಮುಂದಕ್ಕೆ ಜಾರಿಸಿ ಹಿಡಿಯುವ ಸೆರೇಟಸ್ ಆಂಟೀರಿಯರ್ ಎಂಬ ಗರಗಸದ ಹಲ್ಲಿನಂಥ ಸ್ನಾಯುವಿಗೆ ಈ ಮೂರರಲ್ಲೂ ಪೂರ್ತಿ ಕೆಲಸ ಸಿಗುವುದಿಲ್ಲ. ಗರಡಿ ಮನೆಯ ದಂಡದಲ್ಲಿ ಸಿಗುತ್ತದೆ. ಅಲ್ಲಿ ಕೈ ನೆಲದ ಮೇಲೆ ನಿಂತಿದೆ, ಬೆನ್ನು ಬಯಲಿನಲ್ಲಿದೆ. ಕೊನೆಯಲ್ಲಿ ಮೊಣಕೈ ನೆಟ್ಟಗಾದ ಮೇಲೂ ನೆಲವನ್ನು ಇನ್ನೊಂದಿಷ್ಟು ತಳ್ಳಿ ಬೆನ್ನನ್ನು ಮೇಲಕ್ಕೆತ್ತಿದರೆ ಹೆಗಲೆಲುಬು ಪಕ್ಕೆಲುಬನ್ನು ತಬ್ಬಿಕೊಂಡು ಮುಂದೆ ಜಾರುವುದು ಗೊತ್ತಾಗುತ್ತದೆ. ಗದೆ ತಿರುಗಿಸುವುದಂತೂ ಇಡೀ ಚರ್ಚೆಯನ್ನು ತಲೆಕೆಳಗು ಮಾಡುತ್ತದೆ. ಅಲ್ಲಿ ಭಾರ ಉದ್ದನೆಯ ಕೋಲಿನ ತುದಿಯಲ್ಲಿರುವುದರಿಂದ ಬೆಂಚಿನ ಮೇಲೆ ನಾವು ತಪ್ಪಿಸಿಕೊಳ್ಳಲು ನೋಡಿದ ವಾಲಿಕೆಯೇ ವ್ಯಾಯಾಮವಾಗುತ್ತದೆ, ಅದನ್ನು ತಡೆಯುವವರೇ ಮುಖ್ಯ ಆಳುಗಳಾಗುತ್ತಾರೆ. ಅದಕ್ಕೇ ಹಗುರ ಗದೆಯಿಂದ ಶುರುಮಾಡಿಸುತ್ತಾರೆ.

ಅಳಿಯನಿಗೆ ನಾನು ಹೇಳಿದ್ದು ಇಷ್ಟೇ: 20 ಕಿಲೋದ ಜೋಡಿ ಹಿಡಿ, ಮೊಬೈಲನ್ನು ಕಾಲಿನ ಕಡೆ ನಿಲ್ಲಿಸಿ ಚಿತ್ರೀಕರಿಸು, ಮುಂಗೈ ಮಾತ್ರ ನೋಡು. ಮೊದಲ ವಾರದ ವಿಡಿಯೊದಲ್ಲಿ ಏಳನೇ ಎಣಿಕೆಗೆ ಎಡ ಮುಂಗೈ ಹೊರಗೆ ವಾಲತೊಡಗಿತ್ತು, ಬಲಗೈ ಹತ್ತರವರೆಗೂ ಕಂಬದ ಹಾಗೆ ನಿಂತಿತ್ತು. ಎದೆ ಇನ್ನೂ ದಣಿದಿರಲಿಲ್ಲ ಎಂದು ಅವನೇ ಹೇಳಿದ. ಹಾಗಾಗಿ ಅವನು ವಾಲಿದ ಕೂಡಲೇ ಡಂಬೆಲ್ ಇಳಿಸಿ, ಉಳಿದ ಸೆಟ್‌ಗಳನ್ನು ಮೆಷೀನಿನಲ್ಲಿ ಎದೆ ಸೋಲುವವರೆಗೆ ಮಾಡುತ್ತಾನೆ. ಐದನೇ ವಾರ ಎಡಗೈಯ ವಾಲಿಕೆ ಒಂಬತ್ತನೇ ಎಣಿಕೆಗೆ ಬಂದಿತ್ತು. ಮೆಷೀನಿನಲ್ಲಿ ಅವನು ಈಗ 70 ಹಾಕುತ್ತಾನಂತೆ. ಸನ್ನೆ, ರಾಟೆ, ಘರ್ಷಣೆಗಳ ನಡುವೆ ಆ ಎಪ್ಪತ್ತು ಕೈಗೆ ಬರುವಷ್ಟರಲ್ಲಿ ಎಷ್ಟಾಗಿರುತ್ತದೆ ಎಂಬುದು ಆ ಮೆಷೀನಿನ ತಯಾರಕರಿಗೇ ಗೊತ್ತು, ಆದ್ದರಿಂದ ಆ ಸಂಖ್ಯೆಯನ್ನು ಡಂಬೆಲ್‌ಗೆ ಹೋಲಿಸಬೇಡ ಎಂದಿದ್ದೇನೆ.